ದುಡ್ಡು ಮುಟ್ಟಿದೆ, ವರ್ಷ ತಪ್ಪಿದೆ

ಕಳೆದ ಸಾಲಿನ ಜುಲೈ ತಿಂಗಳು. ದಾವಣಗೆರೆಯಲ್ಲಿ ಹಲ್ಲಿನ ಕ್ಲಿನಿಕ್ ನಡೆಸುವ ಡಾಕ್ಟರಮ್ಮ ಒಬ್ಬರು ಲ್ಯಾಪ್‌ಟಾಪ್ ಎತ್ತಿಕೊಂಡೇ ನನ್ನ ಆಫೀಸಿಗೆ ಬಂದರು. "ಸರ್, ಮಾರ್ಚಿನಲ್ಲೇ ಒಂದು ಲಕ್ಷ ಎಂಬತ್ತು ಸಾವಿರ ಕಟ್ಟಿದ್ದೀನಿ. ಬ್ಯಾಂಕಿನಿಂದ ಹೋಗಿದೆ. ರಸೀದಿಯೂ ಇದೆ. ರಿಟರ್ನ್ ಹಾಕೋಣ ಅಂತ ನೋಡಿದರೆ, ನೀವು ಏನೂ ಕಟ್ಟೇ ಇಲ್ಲ, ಈಗ ಬಡ್ಡಿ ಸೇರಿಸಿ ಕಟ್ಟಿ ಅಂತ ತೋರಿಸ್ತಿದೆ. ನನ್ನ ದುಡ್ಡು ಎಲ್ಲಿ ಹೋಯ್ತು?"

ಚಲನ್ ತೋರಿಸಿ ಅಂದೆ. ತೋರಿಸಿದರು. ಹೆಸರು ಸರಿ, ಪ್ಯಾನ್ ಸರಿ, ಮೊತ್ತ ಸರಿ, ತಾರೀಕು 12 ಮಾರ್ಚ್ 2025. ಅದರ ಕೆಳಗೆ ಅಸೆಸ್‌ಮೆಂಟ್ ಇಯರ್ ಎಂಬಲ್ಲಿ 2024-25 ಎಂದಿತ್ತು. ಇರಬೇಕಾದದ್ದು 2025-26. ದುಡ್ಡು ಎಲ್ಲೂ ಕಳೆದುಹೋಗಿರಲಿಲ್ಲ. ಅವರದೇ ಖಾತೆಯಲ್ಲಿ, ಆದರೆ ಹಿಂದಿನ ವರ್ಷದ ಪುಟದಲ್ಲಿ ಜಮೆಯಾಗಿ ಕೂತಿತ್ತು.

ತೆರಿಗೆ ಕೆಲಸದಲ್ಲಿರುವ ನಮ್ಮಂಥವರು ವರ್ಷಕ್ಕೆ ಐದಾರು ಸಲವಾದರೂ ಈ ತಪ್ಪನ್ನು ನೋಡುತ್ತೇವೆ. ಮಾಡುವವರು ದಡ್ಡರಲ್ಲ. ಲೆಕ್ಕದಲ್ಲಿ ಪಳಗಿದವರೂ ಮಾಡುತ್ತಾರೆ. ಏಕೆಂದರೆ 2025ರ ಮಾರ್ಚ್ ತಿಂಗಳಲ್ಲಿ ಕೂತವರ ತಲೆಯಲ್ಲಿ ಓಡುತ್ತಿರುವ ವರ್ಷ 2024-25. ಕ್ಲಿನಿಕ್ಕಿನ ಬಿಲ್ ಪುಸ್ತಕದ ಮೇಲೆ ಅದೇ ಇದೆ, ಬ್ಯಾಂಕಿನ ಲೆಕ್ಕವೂ ಅದೇ. ತೆರಿಗೆ ಕಟ್ಟುವ ಪರದೆಯಲ್ಲಿ ವರ್ಷ ಆರಿಸಿ ಎಂದಾಗ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಆದರೆ ಆದಾಯ ತೆರಿಗೆ ಇಲಾಖೆ ಅಲ್ಲಿ ಕೇಳುತ್ತಿರುವುದು ನೀವು ಗಳಿಸಿದ ವರ್ಷವನ್ನಲ್ಲ, ಆ ಗಳಿಕೆಯನ್ನು ಲೆಕ್ಕ ಹಿಡಿಯುವ ಮುಂದಿನ ವರ್ಷವನ್ನು. ನಮ್ಮ ಕಡೆಯ ರೈತರಿಗೆ ಇದನ್ನು ಹೇಳುವಾಗ ನಾನು ಬೆಳೆದ ವರ್ಷ ಬೇರೆ, ಅಳೆದ ವರ್ಷ ಬೇರೆ ಅನ್ನುತ್ತೇನೆ. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಬೆಳೆದದ್ದನ್ನು ಅಳೆಯುವುದು 2025-26ರಲ್ಲಿ. ಕಾನೂನಿನಲ್ಲಿ ಅದಕ್ಕೇ ಅಸೆಸ್‌ಮೆಂಟ್ ಇಯರ್ ಎಂದು ಹೆಸರು.

ಡಾಕ್ಟರಮ್ಮನ ಚಲನ್‌ನಲ್ಲಿ ಇನ್ನೊಂದು ತಪ್ಪೂ ಇತ್ತು. ಯಾವ ಬಗೆಯ ಪಾವತಿ ಎಂಬಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಬದಲು ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಆರಿಸಿದ್ದರು. "ನಾನೇ ಲೆಕ್ಕ ಹಾಕಿ ಕಟ್ತಿದ್ದೀನಲ್ಲ ಸರ್, ಸೆಲ್ಫ್ ಅಂದರೆ ಅದೇ ಅಲ್ವಾ?" ಎಂದು ಕೇಳಿದರು. ಹೆಸರು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಅದರ ಅರ್ಥ ಬೇರೆ. ಗಳಿಕೆಯ ವರ್ಷ ಮುಗಿಯುವ ಮೊದಲೇ, ಅಂದರೆ ಮಾರ್ಚ್ 31ರ ಒಳಗೆ ಕಟ್ಟುವುದು ಅಡ್ವಾನ್ಸ್ ಟ್ಯಾಕ್ಸ್. ಇದರ ಸಂಖ್ಯೆ 100. ವರ್ಷ ಮುಗಿದ ಮೇಲೆ, ರಿಟರ್ನ್ ಹಾಕುವ ಹೊತ್ತಿಗೆ ಬಾಕಿ ಉಳಿದದ್ದನ್ನು ಕಟ್ಟುವುದು ಸೆಲ್ಫ್ ಅಸೆಸ್‌ಮೆಂಟ್. ಇದು 300. ಇಲಾಖೆಯೇ ನೋಟಿಸ್ ಕೊಟ್ಟು ಇಷ್ಟು ಬಾಕಿ ಎಂದು ಹೇಳಿದ ಮೇಲೆ ಕಟ್ಟುವುದು ರೆಗ್ಯುಲರ್ ಅಸೆಸ್‌ಮೆಂಟ್ ಟ್ಯಾಕ್ಸ್. ಇದು 400. ಪರದೆಯ ಮೇಲೆ ಈ ಸಂಖ್ಯೆಗಳನ್ನು Minor Head ಎಂದು ಕರೆಯುತ್ತಾರೆ.

ಒಂದೇ ಚಲನ್‌ನಲ್ಲಿ ಎರಡು ತಪ್ಪು ಇದ್ದರೂ ಎರಡರ ತೂಕ ಒಂದೇ ಅಲ್ಲ. ಇದನ್ನು ತಿಳಿದುಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ. ರಿಟರ್ನ್ ನಮೂನೆಯಲ್ಲಿ ಕಟ್ಟಿದ ತೆರಿಗೆಯ ವಿವರ ತುಂಬುವ ಜಾಗವನ್ನು ಗಮನಿಸಿ. ಅಲ್ಲಿ ಕೇಳುವುದು ನಾಲ್ಕೇ ಸಂಗತಿ: ಬ್ಯಾಂಕ್ ಶಾಖೆಯ ಏಳು ಅಂಕಿಯ ಬಿಎಸ್‌ಆರ್ ಕೋಡ್, ಕಟ್ಟಿದ ತಾರೀಕು, ಚಲನ್‌ನ ಕ್ರಮಸಂಖ್ಯೆ, ಮೊತ್ತ. 100 ಎಂದು ಕಟ್ಟಿದಿರೋ 300 ಎಂದು ಕಟ್ಟಿದಿರೋ ಎಂದು ಅದು ಕೇಳುವುದೇ ಇಲ್ಲ. ತಾರೀಕು ಮಾರ್ಚ್ 31ರ ಒಳಗಿದ್ದರೆ ಮುಂಗಡದ ಸಾಲಿಗೆ, ಆಮೇಲಿನದಾದರೆ ಸೆಲ್ಫ್ ಅಸೆಸ್‌ಮೆಂಟ್ ಸಾಲಿಗೆ ಮೊತ್ತ ತಾನಾಗಿ ಹೋಗಿ ಸೇರುತ್ತದೆ. ಹೀಗಾಗಿ 100 ಮತ್ತು 300ರ ನಡುವಿನ ಅದಲುಬದಲಿನಿಂದ ತೊಂದರೆಯಾಗುವುದು ಕಡಿಮೆ. ವರ್ಷ ತಪ್ಪಿದರೆ ಮಾತ್ರ ಹಾಗಲ್ಲ. ಲೆಕ್ಕ ತಾಳೆ ಹಾಕುವ ಗಣಕ 2025-26ರ ಪುಟವನ್ನಷ್ಟೇ ನೋಡುತ್ತದೆ. ಅಲ್ಲಿ ದುಡ್ಡು ಇಲ್ಲದಿದ್ದರೆ ಕಟ್ಟಿಲ್ಲ ಎಂದೇ ತೀರ್ಮಾನ.

ಆ ತೀರ್ಮಾನದ ಬೆಲೆ ಎಷ್ಟು? ಡಾಕ್ಟರಮ್ಮನ ಲೆಕ್ಕವನ್ನೇ ನೋಡೋಣ. ಆ ವರ್ಷ ಕ್ಲಿನಿಕ್ಕಿನ ಒಟ್ಟು ಜಮೆ 36 ಲಕ್ಷ. ವೈದ್ಯರು, ಎಂಜಿನಿಯರುಗಳು, ವಕೀಲರಂಥವರಿಗೆ ಇರುವ 44ಎಡಿಎ ಕಲಮಿನ ಪ್ರಕಾರ ಅದರ ಅರ್ಧವನ್ನು, 18 ಲಕ್ಷವನ್ನು, ಆದಾಯವೆಂದು ತೋರಿಸಿದರು. ಹೊಸ ಪದ್ಧತಿಯಲ್ಲಿ ತೆರಿಗೆ 2,30,000 ರೂಪಾಯಿ, ಮೇಲೆ ಶೇಕಡ 4ರ ಸೆಸ್ ಸೇರಿ 2,39,200. ಅವರು ವಾರಕ್ಕೆರಡು ದಿನ ಹೋಗುವ ಖಾಸಗಿ ಆಸ್ಪತ್ರೆ ಟಿಡಿಎಸ್ ಎಂದು ಹಿಡಿದದ್ದು 59,200. ಉಳಿದದ್ದು ಸರಿಯಾಗಿ 1,80,000. ಈ ಕಲಮಿನವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಬೇಕಿಲ್ಲ, ಮಾರ್ಚ್ 15ರ ಒಳಗೆ ಒಂದೇ ಸಲಕ್ಕೆ ಕಟ್ಟಿದರೆ ಸಾಕು. ಅವರು ಮೂರು ದಿನ ಮುಂಚೆಯೇ ಕಟ್ಟಿದ್ದರು. ಕರ್ತವ್ಯದಲ್ಲಿ ಒಂದು ಕೂದಲೆಳೆಯ ಲೋಪವೂ ಇರಲಿಲ್ಲ.

ಈಗ ಆ 1,80,000 ಲೆಕ್ಕಕ್ಕೆ ಬರದಿದ್ದರೆ? ಮಾರ್ಚ್ ಗಡುವು ತಪ್ಪಿಸಿದ್ದಕ್ಕೆ 234ಸಿ ಕಲಮಿನಲ್ಲಿ ಶೇಕಡ 1, ಅಂದರೆ 1,800 ರೂಪಾಯಿ. ಮುಂಗಡವನ್ನೇ ಕಟ್ಟಿಲ್ಲವೆಂದು 234ಬಿ ಕಲಮಿನಲ್ಲಿ ಏಪ್ರಿಲ್‌ನಿಂದ ತಿಂಗಳಿಗೆ ಶೇಕಡ 1. ಬೆಂಗಳೂರಿನಲ್ಲಿರುವ ಸಿಪಿಸಿ, ಇಡೀ ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ, ಅಕ್ಟೋಬರಿನಲ್ಲಿ ಲೆಕ್ಕ ಮುಗಿಸಿತು ಎಂದುಕೊಂಡರೆ ಏಳು ತಿಂಗಳಿಗೆ 12,600. ಎಲ್ಲ ಸೇರಿ 1,94,400 ರೂಪಾಯಿಯ ಡಿಮ್ಯಾಂಡ್ ನೋಟಿಸ್. ಅದೂ ದುಡ್ಡು ಮಾರ್ಚಿನಿಂದಲೇ ಸರಕಾರದ ಬೊಕ್ಕಸದಲ್ಲಿರುವಾಗ.

ಇಂಥ ಹೊತ್ತಿನಲ್ಲಿ ಜನಕ್ಕೆ ಮೊದಲು ಹೊಳೆಯುವ ಉಪಾಯವೆಂದರೆ, ಹೋಗಲಿ, ಇನ್ನೊಮ್ಮೆ ಕಟ್ಟಿಬಿಡೋಣ, ಹಳೆಯದನ್ನು ವಾಪಸು ಕೇಳೋಣ ಅನ್ನುವುದು. ಡಾಕ್ಟರಮ್ಮನೂ ಅದನ್ನೇ ಕೇಳಿದರು. ಬೇಡವೇ ಬೇಡ ಅಂದೆ. ಇನ್ನೊಮ್ಮೆ ಕಟ್ಟಿದರೆ ಆ ಪಾವತಿಯ ತಾರೀಕು ಜುಲೈ ಆಗುತ್ತದೆ, ಬಡ್ಡಿ ತಪ್ಪುವುದಿಲ್ಲ. ಇತ್ತ ಹಳೆಯ ದುಡ್ಡನ್ನು 2024-25ರ ರಿಟರ್ನ್ ತಿದ್ದಿ ವಾಪಸು ಕೇಳೋಣವೆಂದರೆ, ಆ ವರ್ಷದ ರಿಟರ್ನ್ ತಿದ್ದುವ ಅವಧಿ 2025ರ ಜನವರಿ 15ಕ್ಕೇ ಮುಗಿದಿತ್ತು. ದುಡ್ಡು ಕಟ್ಟುವ ಮೊದಲೇ ಆ ಬಾಗಿಲು ಮುಚ್ಚಿತ್ತು. ಚಲನ್ ಅನ್ನೇ ತಿದ್ದಿಸಿದರೆ ಹಾಗಾಗುವುದಿಲ್ಲ. ವರ್ಷ ಬದಲಾಗುತ್ತದೆ, ತಾರೀಕು ಬದಲಾಗುವುದಿಲ್ಲ. 12 ಮಾರ್ಚ್ 2025 ಎಂಬುದು ಹಾಗೇ ಉಳಿಯುತ್ತದೆ. ಬಡ್ಡಿಯಿಂದ ಅವರನ್ನು ಉಳಿಸುವುದು ಆ ತಾರೀಕು ಒಂದೇ.

ತಿದ್ದಿಸಲು ಎರಡು ದಾರಿಗಳಿವೆ. ಒಂದು ಬಲು ಹಗುರ, ಆದರೆ ಅದರ ಬಾಗಿಲು ತೆರೆದಿರುವುದು ಏಳೇ ದಿನ. ಆದಾಯ ತೆರಿಗೆಯ ಇ-ಫೈಲಿಂಗ್ ಜಾಲತಾಣಕ್ಕೆ ಲಾಗಿನ್ ಆಗಿ Services ಪಟ್ಟಿಯಲ್ಲಿ Challan Correction ಎಂಬುದನ್ನು ಒತ್ತಿ, ಹೊಸ ಕೋರಿಕೆ ಶುರು ಮಾಡಬೇಕು. ವರ್ಷ ತಿದ್ದಬೇಕೋ, ಪಾವತಿಯ ಬಗೆ ತಿದ್ದಬೇಕೋ, ಅಥವಾ ಕಂಪನಿ ತೆರಿಗೆಯೋ ಇತರರ ತೆರಿಗೆಯೋ ಎಂಬ ದೊಡ್ಡ ವಿಂಗಡಣೆಯನ್ನೇ ತಿದ್ದಬೇಕೋ ಎಂದು ಕೇಳುತ್ತದೆ. ಆಮೇಲೆ ಚಲನ್ ಹುಡುಕಿ, ಸರಿಯಾದ ವಿವರ ಕೊಟ್ಟು, ಆಧಾರ್ ಓಟಿಪಿಯಂಥ ಯಾವುದಾದರೂ ವಿಧಾನದಿಂದ ದೃಢೀಕರಿಸಿದರೆ ಮುಗಿಯಿತು. ಕೋರಿಕೆ ಯಾವ ಹಂತದಲ್ಲಿದೆ ಎಂಬುದೂ ಅದೇ ಪುಟದಲ್ಲಿ ಕಾಣುತ್ತದೆ. ಆಫೀಸಿಗೆ ಅಲೆಯಬೇಕಿಲ್ಲ, ಯಾರನ್ನೂ ಕಾಣಬೇಕಿಲ್ಲ.

ಷರತ್ತುಗಳಿವೆ. ವರ್ಷ ತಿದ್ದಲು ದುಡ್ಡು ಕಟ್ಟಿದ ದಿನದಿಂದ 7 ದಿನ. ಪಾವತಿಯ ಬಗೆ ಅಥವಾ ದೊಡ್ಡ ವಿಂಗಡಣೆ ತಿದ್ದಲು 30 ದಿನ. ಒಂದು ಚಲನ್‌ಗೆ ಒಂದೇ ಸಲ ಅವಕಾಶ. ಆದ್ದರಿಂದ ಅವಸರದಲ್ಲಿ ಒತ್ತಿ ಇನ್ನೊಂದು ತಪ್ಪು ಮಾಡಬೇಡಿ. ಎರಡು ತಪ್ಪು ಕಂಡರೆ ಮೊದಲು ವರ್ಷದ ಕಡೆ ನೋಡಿ. ಅಸೆಸ್‌ಮೆಂಟ್ ಇಯರ್ 2020-21 ಮತ್ತು ಅನಂತರದ 100, 300, 400 ಬಗೆಯ ಚಲನ್‌ಗಳಿಗಷ್ಟೇ ಈ ಸೌಲಭ್ಯ. ಜೊತೆಗೆ ಆ ಚಲನ್ ಇನ್ನೂ ಬಳಕೆಯಾಗಿರಬಾರದು. ಬಳಕೆ ಎಂದರೆ, ಯಾವುದಾದರೂ ರಿಟರ್ನ್‌ನಲ್ಲೋ ಬಾಕಿಯಲ್ಲೋ ಇಲಾಖೆ ಅದನ್ನು ಆಗಲೇ ವಜಾ ಹಾಕಿಕೊಂಡಿರಬಾರದು. ಪ್ಯಾನ್ ಸಂಖ್ಯೆ ತಪ್ಪಾಗಿ, ದುಡ್ಡು ಬೇರೆಯವರ ಹೆಸರಿಗೆ ಹೋಗಿದ್ದರೆ ಈ ಪುಟದಲ್ಲಿ ತಿದ್ದಲಾಗದು.

ಏಳು ದಿನ ಎಂಬುದು ಬಹಳ ಚಿಕ್ಕ ಅವಧಿ ಅಂತ ನನಗೆ ಮೊದಲಿನಿಂದಲೂ ಅನ್ನಿಸಿದೆ. ಮಾರ್ಚಿನಲ್ಲಿ ಕಟ್ಟಿದ ದುಡ್ಡನ್ನು ಜನ ಮತ್ತೆ ನೋಡುವುದು ಜುಲೈನಲ್ಲಿ. ತಪ್ಪು ತಿಳಿಯುವ ಹೊತ್ತಿಗೆ ಗಡುವು ಮುಗಿದು ನಾಲ್ಕು ತಿಂಗಳಾಗಿರುತ್ತದೆ. ಹೆಚ್ಚು ಕೆಡುಕು ಮಾಡುವ ತಪ್ಪಿಗೆ ಏಳು ದಿನ, ಕಡಿಮೆ ಕೆಡುಕಿನದಕ್ಕೆ ಮೂವತ್ತು ದಿನ. ಇದು ತಿರುವುಮುರುವು ಆಗಬೇಕಿತ್ತು. ನಿಯಮ ಬದಲಾಗುವವರೆಗೆ ನಾವೇ ಎಚ್ಚರವಾಗಿರಬೇಕು, ಬೇರೆ ಉಪಾಯವಿಲ್ಲ. ದುಡ್ಡು ಕಟ್ಟಿದ ದಿನವೇ ಚಲನ್ ಇಳಿಸಿಕೊಂಡು ಓದಿ. e-Pay Tax ಪುಟದ Payment History ಎಂಬಲ್ಲಿ ಅದು ಸಿಗುತ್ತದೆ. ಅಸೆಸ್‌ಮೆಂಟ್ ಇಯರ್ ಎಂಬ ಸಾಲನ್ನು ಬಾಯಿಬಿಟ್ಟು ಓದಿ. ನಾಲ್ಕೈದು ದಿನ ಬಿಟ್ಟು ನಿಮ್ಮ ಎಐಎಸ್ ಪಟ್ಟಿಯನ್ನು ತೆರೆದು, ಯಾವ ವರ್ಷಕ್ಕೆ ರಿಟರ್ನ್ ಹಾಕುತ್ತೀರೋ ಆ ವರ್ಷದಲ್ಲಿ ಮೊತ್ತ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಹಿಂದಿನ ಮತ್ತು ಮುಂದಿನ ವರ್ಷದ ಪಟ್ಟಿಗಳನ್ನೂ ತೆರೆಯಿರಿ. ಬಹುಪಾಲು ಅಲ್ಲೇ ಸಿಗುತ್ತದೆ.

ಡಾಕ್ಟರಮ್ಮನಿಗೆ ಉಳಿದಿದ್ದು ಎರಡನೆಯ ದಾರಿ: ಅವರ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ಅರ್ಜಿ. ನಿಮ್ಮ ಅಧಿಕಾರಿ ಯಾರೆಂದು ತಿಳಿಯಲು ಕಚೇರಿ ಹುಡುಕಬೇಕಿಲ್ಲ. ಜಾಲತಾಣದಲ್ಲಿ Know Your AO ಎಂಬ ಕೊಂಡಿಯಲ್ಲಿ ಪ್ಯಾನ್ ಕೊಟ್ಟರೆ ಯಾವ ವಾರ್ಡ್, ಇಮೇಲ್ ವಿಳಾಸ ಏನು ಎಂಬುದು ಬರುತ್ತದೆ.

ಅರ್ಜಿ ಒಂದೇ ಪುಟ. ಇಂಥ ಅರ್ಜಿಗಳಲ್ಲಿ ನಾನು ಕಂಡ ದೋಷವೆಂದರೆ ಉದ್ದನೆಯ ಕಥೆ. ಅಧಿಕಾರಿಗೆ ಬೇಕಿರುವುದು ಕಥೆಯಲ್ಲ, ಇರುವುದು ಏನು, ಆಗಬೇಕಾದದ್ದು ಏನು ಎಂಬುದಷ್ಟೇ. ನಾವು ಮೇಲೆ ಹೆಸರು, ಪ್ಯಾನ್, ವಿಳಾಸ ಬರೆದೆವು. ಕೆಳಗೆ ಚಲನ್‌ನ ಗುರುತು: ಬಿಎಸ್‌ಆರ್ ಕೋಡ್, ತಾರೀಕು, ಕ್ರಮಸಂಖ್ಯೆ, ಮೊತ್ತ. ಆಮೇಲೆ ಎರಡು ಸಾಲಿನ ಒಂದು ಪಟ್ಟಿ. ಅಸೆಸ್‌ಮೆಂಟ್ ಇಯರ್: ಈಗ 2024-25, ಆಗಬೇಕಾದದ್ದು 2025-26. ಪಾವತಿಯ ಬಗೆ: ಈಗ 300, ಆಗಬೇಕಾದದ್ದು 100. ಆನ್‌ಲೈನ್ ಕೋರಿಕೆಯಲ್ಲಾದರೆ ವರ್ಷಕ್ಕೇ ಮಹತ್ವ ಕೊಡುತ್ತಿದ್ದೆ. ಹೇಗೂ ಅಧಿಕಾರಿಯ ಮುಂದೆ ಹೋಗುವುದರಿಂದ ಎರಡನ್ನೂ ಒಟ್ಟಿಗೇ ಕೇಳಿದೆವು.

ಇದರ ಮೇಲೆ ಒಂದು ವಾಕ್ಯ ಸೇರಿಸಿದೆ, ಅದೇ ಇಡೀ ಅರ್ಜಿಯ ಜೀವ: ಈ ಮೊತ್ತವನ್ನು 2024-25ರ ರಿಟರ್ನ್‌ನಲ್ಲಿ ಕೇಳಿಲ್ಲ, ಅದರಿಂದ ಮರುಪಾವತಿ ಪಡೆದಿಲ್ಲ, ಬೇರೆ ಯಾವ ಬಾಕಿಗೂ ಹೊಂದಿಸಿಕೊಂಡಿಲ್ಲ. ಅಧಿಕಾರಿಗೆ ಇರುವ ಅಳುಕು ಇದೊಂದೇ. ಒಂದೇ ದುಡ್ಡು ಎರಡು ವರ್ಷಕ್ಕೆ ಲೆಕ್ಕವಾಗಬಾರದು. ಅದಕ್ಕೆ ಸಾಕ್ಷಿಯಾಗಿ 2024-25ರ ರಿಟರ್ನ್‌ನ ಪ್ರತಿ, ಆ ರಿಟರ್ನ್‌ಗೆ ಸಿಪಿಸಿ ಕಳಿಸಿದ ಲೆಕ್ಕದ ಪತ್ರ, ಎರಡೂ ವರ್ಷದ ಎಐಎಸ್, ಚಲನ್, ಪ್ಯಾನ್ ಪ್ರತಿ ಲಗತ್ತಿಸಿದೆವು. ಇಮೇಲ್ ಕಳಿಸಿ, ಕಾಗದದ ಪ್ರತಿಯನ್ನು ವಾರ್ಡ್ ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಆ ಮುದ್ರೆ ಮುಂದೆ ಬೇಕಾಗಬಹುದು.

ತಿದ್ದುಪಡಿ ಬರುವವರೆಗೆ ರಿಟರ್ನ್ ಹಾಕಬೇಕೋ ಕಾಯಬೇಕೋ ಎಂಬುದು ಮುಂದಿನ ಪ್ರಶ್ನೆ. ಗಡುವಿನ ಒಳಗೆ ಸಮಯವಿದ್ದರೆ ಕಾಯುವುದೇ ಮೇಲು. ಆ ವರ್ಷ ಸರಕಾರ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದು ನಮಗೆ ಅನುಕೂಲವಾಯಿತು. ಆಗಸ್ಟ್ ಕೊನೆಯ ವಾರ ಡಾಕ್ಟರಮ್ಮನ ಫೋನು ಬಂತು. "ಸರ್, ಬಂದಿದೆ. 2025-26ರಲ್ಲಿ ತೋರಿಸ್ತಿದೆ. ತಾರೀಕು ಮಾರ್ಚ್ ಹನ್ನೆರಡೇ ಇದೆ." ಮರುವಾರ ರಿಟರ್ನ್ ಹಾಕಿದೆವು. ಕಟ್ಟಬೇಕಾದದ್ದು ಸೊನ್ನೆ, ಬಡ್ಡಿ ಸೊನ್ನೆ.

ಗಡುವು ಮುಗಿಯುತ್ತಾ ಬಂದರೂ ತಿದ್ದುಪಡಿ ಆಗದಿದ್ದರೆ ರಿಟರ್ನ್ ಹಾಕದೆ ಕೂರಬಾರದು. ತಡವಾದರೆ ಬೇರೆ ದಂಡ ಬೀಳುತ್ತದೆ. ಚಲನ್‌ನ ನಿಜವಾದ ವಿವರವನ್ನೇ ತುಂಬಿ ರಿಟರ್ನ್ ಹಾಕಿ. ತಾಳೆಯಾಗದೆ ಡಿಮ್ಯಾಂಡ್ ಬಂದೇ ಬರುತ್ತದೆ. ಗಾಬರಿಯಿಂದ ಅದನ್ನು ಕಟ್ಟಿಬಿಡಬೇಡಿ, ಹಾಗೆಂದು ಉತ್ತರ ಕೊಡದೆಯೂ ಇರಬೇಡಿ. ಜಾಲತಾಣದಲ್ಲಿ ಆ ಡಿಮ್ಯಾಂಡಿಗೆ ಒಪ್ಪಿಗೆ ಇಲ್ಲ ಎಂದು ಉತ್ತರಿಸಿ, ಚಲನ್ ಮತ್ತು ಸ್ವೀಕೃತಿಯ ಮುದ್ರೆಯಿರುವ ಅರ್ಜಿಯನ್ನು ಲಗತ್ತಿಸಿ. ಚಲನ್ ತಿದ್ದುಪಡಿಯಾದ ಮೇಲೆ, ರೆಕ್ಟಿಫಿಕೇಶನ್ ವಿಭಾಗದಲ್ಲಿ ರಿಟರ್ನ್ ಅನ್ನು ಮತ್ತೆ ಲೆಕ್ಕ ಹಾಕಿ ಎಂದು ಕೋರಿಕೆ ಕೊಡಬೇಕು. ಈ ಕೊನೆಯ ಹೆಜ್ಜೆಯನ್ನು ಮರೆಯುವವರು ಬಹಳ. ಚಲನ್ ತಿದ್ದಿದ ಮಾತ್ರಕ್ಕೆ ಹಳೆಯ ಡಿಮ್ಯಾಂಡ್ ತಾನಾಗಿ ಅಳಿಯುತ್ತದೆ ಎಂದುಕೊಂಡು ಸುಮ್ಮನಿರುತ್ತಾರೆ. ಮುಂದಿನ ವರ್ಷ ಬರಬೇಕಾದ ಮರುಪಾವತಿಯನ್ನು ಇಲಾಖೆ ಆ ಬಾಕಿಗೆ ಮುರಿದುಕೊಂಡಾಗಲೇ ಎಚ್ಚರವಾಗುವುದು.

ಪಾವತಿಯ ಬಗೆ ತಪ್ಪಿದರೆ ತೊಂದರೆ ಕಡಿಮೆ ಎಂದು ಹೇಳಿದೆನಲ್ಲ, ಅದಕ್ಕೆ ಒಂದು ಅಪವಾದವಿದೆ. ಅದು 400. ನೋಟಿಸ್ ಬಂದ ಬಾಕಿಯನ್ನು 300 ಎಂದು ಕಟ್ಟಿದರೆ ವರ್ಷ ಸರಿಯಿದ್ದರೂ ಆ ಡಿಮ್ಯಾಂಡ್ ಮುಗಿಯದೆ ನಿಲ್ಲಬಹುದು. ದುಡ್ಡು ಖಾತೆಯಲ್ಲಿದೆ, ಆದರೆ ಯಾವ ಬಾಕಿಗೆಂದು ಅದಕ್ಕೆ ಗುರುತಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಕಟ್ಟಿ, ತಿಂಗಳುಗಟ್ಟಲೆ ಅದೇ ಬಾಕಿಯ ಬಗ್ಗೆ ಸಂದೇಶ ಬರುವುದನ್ನು ನೋಡಿ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದರು. ಮೂವತ್ತು ದಿನದೊಳಗಾದರೆ 300 ಅನ್ನು 400 ಎಂದು ಆನ್‌ಲೈನಿನಲ್ಲೇ ತಿದ್ದಬಹುದು. ಮೀರಿದರೆ ಮತ್ತೆ ಅಧಿಕಾರಿಗೇ ಅರ್ಜಿ. ಇಂಥ ತಪ್ಪು ಆಗದಂತೆ ಮಾಡುವುದು ಸುಲಭ: ಡಿಮ್ಯಾಂಡ್ ಕಟ್ಟುವಾಗ ತೆರಿಗೆ ಪಾವತಿಯ ಪುಟಕ್ಕೆ ನೇರವಾಗಿ ಹೋಗಬೇಡಿ. ಬಾಕಿ ತೋರಿಸುವ ಪುಟದಲ್ಲಿ ಆ ಬಾಕಿಯ ಎದುರೇ ಇರುವ Pay Now ಒತ್ತಿ ಕಟ್ಟಿ. ಬಾಕಿಯ ಉಲ್ಲೇಖ ಸಂಖ್ಯೆ ಆಗ ಚಲನ್ ಜೊತೆಗೇ ಹೋಗುತ್ತದೆ.

ಈ ಲೇಖನ ಬರೆಯಲು ಇನ್ನೊಂದು ಕಾರಣವೂ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಅದರಲ್ಲಿ ಅಸೆಸ್‌ಮೆಂಟ್ ಇಯರ್ ಎಂಬ ಮಾತೇ ಇಲ್ಲ. ಗಳಿಸಿದ ವರ್ಷವನ್ನೇ ಟ್ಯಾಕ್ಸ್ ಇಯರ್ ಎಂದು ಕರೆದಿದ್ದಾರೆ. ಬೆಳೆದ ವರ್ಷ, ಅಳೆದ ವರ್ಷ ಎಂಬ ಗೊಂದಲ ಮುಂದೆ ತಪ್ಪುತ್ತದೆ, ಒಳ್ಳೆಯದೇ. ಆದರೆ ದಾಟುವ ಈ ಒಂದು ವರ್ಷ ಕಷ್ಟದ್ದು. 2025-26ರಲ್ಲಿ ಗಳಿಸಿದ್ದಕ್ಕೆ ಹಳೆಯ ಕಾಯ್ದೆಯೇ ಅನ್ವಯ, ಅದರ ಅಸೆಸ್‌ಮೆಂಟ್ ಇಯರ್ 2026-27. 2026ರ ಏಪ್ರಿಲ್‌ನಿಂದ ಗಳಿಸುವುದಕ್ಕೆ ಹೊಸ ಕಾಯ್ದೆ, ಅದರ ಟ್ಯಾಕ್ಸ್ ಇಯರ್ ಕೂಡ 2026-27. ಅಂಕಿ ಒಂದೇ, ವರ್ಷ ಎರಡು. 2026ರ ಜೂನ್ 15ಕ್ಕೆ ಕಟ್ಟುವ ಮೊದಲ ಮುಂಗಡ ಕಂತು ಟ್ಯಾಕ್ಸ್ ಇಯರ್ 2026-27ಕ್ಕೆ ಸೇರಿದ್ದು. ಅದಾದ ಮೇಲೆ ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟುವ ಬಾಕಿ ಅಸೆಸ್‌ಮೆಂಟ್ ಇಯರ್ 2026-27ಕ್ಕೆ ಸೇರಿದ್ದು. ಹೀಗಾಗಿ ಈ ಸಲ ಅಂಕಿಯನ್ನಷ್ಟೇ ನೋಡಿ ಒತ್ತಬೇಡಿ. ಅದರ ಪಕ್ಕದ ಪದವನ್ನೂ ಓದಿ, ಈ ದುಡ್ಡು ಯಾವ ತಿಂಗಳುಗಳ ಗಳಿಕೆಯ ಮೇಲಿನ ತೆರಿಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕಟ್ಟಿ. ಡಾಕ್ಟರಮ್ಮ ಈಗ ಹಾಗೆ ಬರೆದ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ನನಗೆ ಕಳಿಸಿ, "ಸರಿ ಇದೆಯಾ ಸರ್?" ಎಂದು ಕೇಳಿಯೇ ಬಟನ್ ಒತ್ತುವುದು.